ಬಾಣಲೆಯಲ್ಲಿ ಉಳಿದ 30 ಗ್ರಾಂ

ತಮ್ಮ: ಅಕ್ಕ, ಊಟ ಆಯ್ತಲ್ಲ, ಇನ್ನು ಸ್ವಲ್ಪ ಇಲ್ಲಿ ಬಾ. ಈ ಎಣ್ಣೆಗಾಯಿ ಲೆಕ್ಕ ನನಗೂ ಇವಳಿಗೂ ಕೂಡಿಬರ್ತಾ ಇಲ್ಲ. ಒಟ್ಟು ಕ್ಯಾಲರಿಯನ್ನ ಐದು ಜನಕ್ಕೆ ಹಂಚಿದರೆ ತಲೆಗೆ 378 ಅಂತಾಳೆ ಇವಳು. ಬಾಣಲೆಯಲ್ಲಿ ಅಷ್ಟೊಂದು ಎಣ್ಣೆ ಉಳಿದಿದೆ, ಅದನ್ನು ಕಳೆದರೆ 288 ಅಂತೀನಿ ನಾನು. ಒಂದೇ ಪಲ್ಯಕ್ಕೆ 90 ಕ್ಯಾಲರಿ ವ್ಯತ್ಯಾಸ. ನೀನು ಇಷ್ಟು ವರ್ಷದಿಂದ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡ್ತಿದ್ದೀಯ, ಹೇಳು, ಯಾರದು ಸರಿ?

ಅಕ್ಕ: ಮೊದಲು ಒಂದು ಮಾತು ಹೇಳು. ಬಾಣಲೆ ತೊಳೆದುಬಿಟ್ಟಿರಾ?

ತಮ್ಮ: ಇಲ್ಲ, ಕಟ್ಟೆ ಮೇಲೇ ಇದೆ.

ಅಕ್ಕ: ಹಾಗಾದರೆ ಬದುಕಿದೆವು. ಅದನ್ನು ಇಲ್ಲಿ ತಾ, ತಕ್ಕಡಿಯನ್ನೂ ತಾ. ನೀನು ಬರೆದಿಟ್ಟ ಚೀಟಿ ಎಲ್ಲಿ?

ತಮ್ಮ: ಇಗೋ. ಗುಂಡು ಬದನೆಕಾಯಿ 600 ಗ್ರಾಂ, 12 ಕಾಯಿ. ಶೇಂಗಾ 80, ಎಳ್ಳು 20, ಒಣಕೊಬ್ಬರಿ 30, ಈರುಳ್ಳಿ 150, ಬೆಲ್ಲ 15. ಹುಣಸೆಹಣ್ಣು, ಮಸಾಲೆಪುಡಿ ಎಲ್ಲಾ ಸೇರಿ ಒಂದು 25 ಗ್ರಾಂ. ಎಣ್ಣೆ ಬಿಟ್ಟು ಉಳಿದದ್ದಕ್ಕೆ ಪಟ್ಟಿ ನೋಡಿ ಕೂಡಿಸಿದೆ, 1080 ಕ್ಯಾಲರಿ ಬಂತು. ಎಣ್ಣೆ 90 ಗ್ರಾಂ, ಗ್ರಾಂಗೆ 9ರ ಹಾಗೆ 810. ಒಟ್ಟು 1890.

ಅಕ್ಕ: ಎಣ್ಣೆ 90 ಗ್ರಾಂ ಅಂತ ಹೇಗೆ ಗೊತ್ತಾಯ್ತು? ಚಮಚದ ಲೆಕ್ಕವೋ?

ತಮ್ಮ: ಇಲ್ಲ. ಎಣ್ಣೆ ಡಬ್ಬವನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ಬಾಣಲೆಗೆ ಸುರಿದು ಮತ್ತೆ ಇಟ್ಟಾಗ ಮೈನಸ್ 60 ತೋರಿಸಿತು. ಆಮೇಲೆ ಇವಳು ಬದನೆಕಾಯಿ ಎಲ್ಲಾ ಎಣ್ಣೆ ಕುಡಿದುಬಿಟ್ಟಿದೆ, ತಳ ಹಿಡಿಯುತ್ತೆ ಅಂತ ಇನ್ನೂ 30 ಹಾಕಿದಳು. ಅದನ್ನೂ ಹಾಗೇ ತೂಗಿದೆ.

ಅಕ್ಕ: ಬಹಳ ಒಳ್ಳೇದು. ನಮ್ಮಲ್ಲಿಗೆ ಬರೋರಲ್ಲಿ ಹತ್ತಕ್ಕೆ ಎಂಟು ಜನ ಎಡವೋದು ಇಲ್ಲೇ. ಲೋಟದಲ್ಲಿ 100 ಮಿಲಿ ಅಳೆದು 100 ಗ್ರಾಂ ಅಂತ ಬರೀತಾರೆ. ಎಣ್ಣೆ ನೀರಿಗಿಂತ ಹಗುರ ಅಲ್ವಾ, 1 ಲೀಟರ್ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ. ಇನ್ನು ಚಮಚದ ಮಾತು ಬೇಡವೇ ಬೇಡ, ನಮ್ಮ ಮನೆಗಳಲ್ಲಿ ಒಂದು ಚಮಚ ಅಂದರೆ ಯಾವ ಚಮಚ ಅನ್ನೋದೇ ಗೊತ್ತಿರಲ್ಲ. ಇವಳು ಎರಡನೇ ಸಲ ಎಣ್ಣೆ ಹಾಕಿದಳು ಅಂದೆಯಲ್ಲ, ಅದಕ್ಕೆ ಆಮೇಲೆ ಬರೋಣ. ಈ ಬಾಣಲೆಯಲ್ಲಿ ಈಗ ಕಾಣೋ ಎಣ್ಣೆಯ ಕಥೆ ಅಲ್ಲಿಂದಲೇ ಶುರುವಾಗೋದು. ಬೇಯಿಸಿದ ಮೇಲೆ ಪಲ್ಯ ತೂಗಿದೆಯಾ?

ತಮ್ಮ: ಬಾಣಲೆ ಸಮೇತ ತೂಗಿದೆ. 2390 ಗ್ರಾಂ. ಖಾಲಿ ಬಾಣಲೆ 1240 ಅಂತ ಬೆಳಿಗ್ಗೆಯೇ ತೂಗಿ ಬರೆದಿದ್ದೆ. ಅಂದರೆ ಪಲ್ಯ 1150. ಒಂದು ಅನುಮಾನ ಅಕ್ಕ. ಹಾಕಿದ ಸಾಮಾನು, ನೀರು ಎಲ್ಲಾ ಕೂಡಿದರೆ 1400 ದಾಟುತ್ತೆ. 250 ಗ್ರಾಂಗೂ ಮೇಲೆ ಕಡಿಮೆಯಾಗಿದೆ. ಅದಕ್ಕೆ ತಕ್ಕಂತೆ ಕ್ಯಾಲರಿ ಕಳೆಯಬೇಡವೇ?

ಅಕ್ಕ: ಬೇಡ. ಹೋದದ್ದು ನೀರು, ಆವಿಯಾಗಿ ಹೋಯ್ತು. ನೀರಿನಲ್ಲಿ ಕ್ಯಾಲರಿ ಇಲ್ಲ, ಅದು ಹೋಗುವಾಗ ಏನನ್ನೂ ಹೊತ್ತುಕೊಂಡು ಹೋಗಲ್ಲ. 1890 ಕ್ಯಾಲರಿ ಬಾಣಲೆಯೊಳಗೇ ಇದೆ. ಆದರೆ ಈಗ ಅದು 1400 ಗ್ರಾಂನಲ್ಲಿ ಹರಡಿಲ್ಲ, 1150 ಗ್ರಾಂನಲ್ಲಿ ಹರಡಿದೆ. ಆದ್ದರಿಂದ ಗ್ರಾಂಗೆ ಬೀಳುವ ಕ್ಯಾಲರಿ ಜಾಸ್ತಿಯಾಯ್ತು. ಹಾಕಿದ ಸಾಮಾನಿನ ಕ್ಯಾಲರಿಯನ್ನು ಹಸಿಯಲ್ಲಿ ಲೆಕ್ಕ ಹಾಕಬೇಕು, ಭಾಗ ಮಾಡೋದನ್ನು ಬೆಂದ ತೂಕದಲ್ಲಿ ಮಾಡಬೇಕು ಅನ್ನೋದು ಇದಕ್ಕೇ. ನಾಳೆ ಉಳಿದದ್ದನ್ನು ಬಿಸಿ ಮಾಡಿದರೂ ಇದೇ ಕತೆ. ಇವತ್ತು 220 ಗ್ರಾಂ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ನಾಳೆ ಬಿಸಿ ಮಾಡಿದಾಗ 200 ಗ್ರಾಂ ಆದರೆ, ಅದರಲ್ಲಿರೋದು 220 ಗ್ರಾಂನ ಕ್ಯಾಲರಿಯೇ. ನಾಳೆಯ ತೂಕಕ್ಕೆ ಇವತ್ತಿನ ದರ ಹಾಕಿದರೆ ಕಡಿಮೆ ಬರುತ್ತೆ.

ತಮ್ಮ: ಸರಿ. ಬಡಿಸಿದ ಮೇಲೆ ಬಾಣಲೆ ಮತ್ತೆ ತೂಗಿದೆ, 1290. ಖಾಲಿಯದಕ್ಕಿಂತ 50 ಗ್ರಾಂ ಹೆಚ್ಚು. ಆ 50 ಗ್ರಾಂ ಉಳಿದ ಎಣ್ಣೆ, ಅಂದರೆ 450 ಕ್ಯಾಲರಿ. 1890ರಲ್ಲಿ 450 ಹೋದರೆ 1440, ಐದರಿಂದ ಭಾಗಿಸಿದರೆ 288. ಇದರಲ್ಲಿ ತಪ್ಪೇನಿದೆ?

ಅಕ್ಕ: ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡು. ಏನು ಕಾಣುತ್ತೆ?

ತಮ್ಮ: ತಳದಲ್ಲಿ ಕೆಂಪಗೆ ಎಣ್ಣೆ. ಪಕ್ಕದಲ್ಲೆಲ್ಲ ಶೇಂಗಾ ಮಸಾಲೆ ಅಂಟಿದೆ.

ಅಕ್ಕ: ಆ ಮಸಾಲೆಯನ್ನೂ ನೀನು ಎಣ್ಣೆ ಅಂತ ಎಣಿಸಿದೆ. ಉಳಿದ 50 ಗ್ರಾಂ ಪೂರಾ ಎಣ್ಣೆಯಾಗಿದ್ದರೆ ನಿನ್ನ ಕಳೆಯೋ ಲೆಕ್ಕಕ್ಕೆ ನಾನು ಒಪ್ಪುತ್ತಿದ್ದೆ. ಪೂರಾ ಮಸಾಲೆಯಾಗಿದ್ದರೆ ಏನೂ ಕಳೆಯಬೇಕಾಗಿರಲಿಲ್ಲ. ಇದು ಎರಡೂ ಬೆರೆತಿರೋದು.

ತಮ್ಮ: ಪೂರಾ ಮಸಾಲೆಯಾಗಿದ್ದರೆ ಏನೂ ಕಳೆಯಬೇಕಿಲ್ಲವೇ? ಅದೂ ಯಾರ ಹೊಟ್ಟೆಗೂ ಹೋಗಿಲ್ಲವಲ್ಲ.

ಅಕ್ಕ: ಇಲ್ಲಿ ಸ್ವಲ್ಪ ನಿಂತುಕೊಂಡು ಯೋಚಿಸು, ಇಡೀ ಲೆಕ್ಕ ತಿರುಗೋದು ಇದೇ ಮಾತಿನ ಮೇಲೆ. ಎಣ್ಣೆಗಾಯಿ ಬಿಡು, ಗಟ್ಟಿ ತೊವ್ವೆ ಅಂತ ತಗೋ. ಪಾತ್ರೆಯಲ್ಲಿ 1000 ಗ್ರಾಂ ತೊವ್ವೆ, 1000 ಕ್ಯಾಲರಿ. ಗ್ರಾಂಗೆ 1. ನಿನ್ನ ತಟ್ಟೆಗೆ 200 ಗ್ರಾಂ ಹಾಕಿಕೊಂಡೆ, 200 ಕ್ಯಾಲರಿ. ಪಾತ್ರೆಗೆ ಅಂಟಿಕೊಂಡು 40 ಗ್ರಾಂ ಉಳಿಯಿತು. ಅದರಲ್ಲಿ 40 ಕ್ಯಾಲರಿ ಇದೆ. ಆದರೆ ನಿನ್ನ ತಟ್ಟೆಯ 200 ಗ್ರಾಂ ಬದಲಾಯಿತೇ? ಇಲ್ಲ. ತಟ್ಟೆಯನ್ನು ತೂಗಿದ ಕ್ಷಣದಲ್ಲೇ ಪಾತ್ರೆಯಲ್ಲಿ ಉಳಿದದ್ದು ತಾನಾಗಿ ಲೆಕ್ಕದಿಂದ ಹೊರಗೆ ಹೋಯ್ತು. ಅದನ್ನು ಮತ್ತೆ ಕಳೆದರೆ ಎರಡು ಸಲ ಕಳೆದ ಹಾಗೆ. ಉಳಿದದ್ದು ಬಡಿಸಿದ್ದರ ಹಾಗೆಯೇ ಇದ್ದರೆ ತೂಕವೇ ಎಲ್ಲಾ ನೋಡಿಕೊಳ್ಳುತ್ತೆ. ತೊಂದರೆ ಬರೋದು ಉಳಿದದ್ದು ಬಡಿಸಿದ್ದಕ್ಕಿಂತ ಬೇರೆಯಾಗಿದ್ದಾಗ, ಅಂದರೆ ತಳದಲ್ಲಿ ಬರೀ ಎಣ್ಣೆ ನಿಂತು ಮೇಲಿನ ಪಲ್ಯ ಅಷ್ಟು ಎಣ್ಣೆಯಿಲ್ಲದೆ ಬಂದಾಗ. ಆಗ ಸರಾಸರಿ ದರ ಸುಳ್ಳು ಹೇಳುತ್ತೆ, ತಟ್ಟೆಗೆ ಬಾರದ ಎಣ್ಣೆಯನ್ನೂ ತಟ್ಟೆಯ ತಲೆಗೆ ಕಟ್ಟುತ್ತೆ.

ತಮ್ಮ: ಹಾಗಾದರೆ ಈ 50 ಗ್ರಾಂನಲ್ಲಿ ಎಣ್ಣೆ ಎಷ್ಟು ಅಂತ ಬೇರೆ ಮಾಡಬೇಕು.

ಅಕ್ಕ: ಅಷ್ಟೇ ಕೆಲಸ. ಬಾಣಲೆ ಇನ್ನೂ ಉಗುರುಬೆಚ್ಚಗಿದೆ, ಈಗಲೇ ಮಾಡಬೇಕು. ಪೂರ್ತಿ ತಣ್ಣಗಾದರೆ ಮಸಾಲೆ ಗಟ್ಟಿಯಾಗಿ ಎಣ್ಣೆಯನ್ನು ಹಿಡಿದುಕೊಂಡುಬಿಡುತ್ತೆ. ಬಾಣಲೆಯನ್ನು ಓರೆ ಮಾಡಿ, ಕೆಳಗೊಂದು ಮಡಿಸಿದ ಬಟ್ಟೆ ಕೊಟ್ಟು ಹಾಗೇ ಐದು ನಿಮಿಷ ಬಿಡು. ಎಣ್ಣೆ ಒಂದು ಮೂಲೆಗೆ ಇಳಿಯುತ್ತೆ. ಅಷ್ಟರಲ್ಲಿ ಒಂದು ಸಣ್ಣ ಗಾಜಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡು.

ತಮ್ಮ: ಸ್ಟೀಲ್ ಬಟ್ಟಲು ಆಗಲ್ವಾ?

ಅಕ್ಕ: ತೂಕಕ್ಕೆ ಆಗುತ್ತೆ, ಕಣ್ಣಿಗೆ ಆಗಲ್ಲ. ಗಾಜಾದರೆ ಪಕ್ಕದಿಂದ ನೋಡಬಹುದು. ಸುರಿದದ್ದು ನಿಜವಾಗಿ ಎಣ್ಣೆಯೋ, ಎಣ್ಣೆಯ ಕೆಳಗೆ ಹುಣಸೆ ರಸವೂ ಇದೆಯೋ ಅನ್ನೋದು ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಎಣ್ಣೆ ಮೇಲೆ ತಿಳಿಯಾಗಿ ನಿಲ್ಲುತ್ತೆ, ನೀರಿನಂಶ ತಳದಲ್ಲಿ ಮಬ್ಬಾಗಿ ಕೂರುತ್ತೆ. ಮಬ್ಬು ಗೆರೆ ದಪ್ಪಗಿದ್ದರೆ ಮೇಲಿನದನ್ನು ಮಾತ್ರ ಬಗ್ಗಿಸಿ ಇನ್ನೊಮ್ಮೆ ತೂಗಬೇಕು. ಈಗ ಸುರಿ, ನಿಧಾನ. ಮಸಾಲೆ ಜಾರಿ ಬಂದರೆ ಸಟ್ಟುಗದಿಂದ ತಡೆ.

ತಮ್ಮ: 25 ಗ್ರಾಂ.

ಅಕ್ಕ: ಲೋಟ ನೋಡು, ತಳದಲ್ಲಿ ಏನೂ ಇಲ್ಲ, ಬರೀ ಖಾರದಪುಡಿಯ ಬಣ್ಣ ಇಳಿದ ಎಣ್ಣೆ. ಈಗ ಬಾಣಲೆ ಎಷ್ಟು?

ತಮ್ಮ: 1265. ಲೆಕ್ಕ ಕೂಡುತ್ತೆ.

ಅಕ್ಕ: ಈಗ ಪಕ್ಕದ ಮಸಾಲೆ ಕೆರೆದು ಒಂದು ತಟ್ಟೆಗೆ ತೆಗಿ. ಹೊತ್ತಿರೋದನ್ನು ಕೆತ್ತಬೇಡ, ಸುಲಭವಾಗಿ ಬರೋದನ್ನಷ್ಟೇ. ಆಮೇಲೆ ಮತ್ತೆ ತೂಗು.

ತಮ್ಮ: 1245. ಮಸಾಲೆ 20 ಗ್ರಾಂ. ಇನ್ನೂ 5 ಗ್ರಾಂ ಎಲ್ಲೋ ಇದೆ, ಕಣ್ಣಿಗೆ ಹೊಳಪು ಬಿಟ್ಟು ಏನೂ ಕಾಣ್ತಾ ಇಲ್ಲ.

ಅಕ್ಕ: ಆ ಹೊಳಪೇ ಅದು. ಒಂದು ಕಾಗದದಿಂದ ಚೆನ್ನಾಗಿ ಒರೆಸಿ ತೂಗು. ಕಾಗದವನ್ನು ತೂಗೋಕೆ ಹೋಗಬೇಡ, ನಿನ್ನ ತಕ್ಕಡಿ 1 ಗ್ರಾಂಗಿಂತ ಕೆಳಗೆ ತೋರಿಸಲ್ಲ. ಅಷ್ಟು ಹಗುರವಾದದ್ದನ್ನು ಒಂಟಿಯಾಗಿ ಇಟ್ಟರೆ ಇಂಥ ತಕ್ಕಡಿಗಳು ತಪ್ಪು ಹೇಳಬಹುದು. ಬಾಣಲೆಯ ತೂಕ ಎಷ್ಟು ಇಳಿಯಿತು ಅಂತ ನೋಡು.

ತಮ್ಮ: 1240. ಬೆಳಿಗ್ಗೆ ಎಷ್ಟಿತ್ತೋ ಅಷ್ಟಕ್ಕೇ ಬಂತು. ಹಾಗಾದರೆ ಎಣ್ಣೆ 25, ಮತ್ತೆ ಈ 5, ಒಟ್ಟು 30 ಗ್ರಾಂ. ಅಂದರೆ ಕಳೆಯಬೇಕಾದದ್ದು 450 ಅಲ್ಲ, 270.

ಅಕ್ಕ: ಹೌದು. ಈಗ ಒಂದು ಎಚ್ಚರ. ಕ್ಯಾಲರಿಯಿಂದ 270 ಕಳೆದೆ, 1620 ಉಳಿಯಿತು. ಅದನ್ನು ಯಾವುದರಿಂದ ಭಾಗಿಸ್ತೀಯ?

ತಮ್ಮ: 1150ರಿಂದ.

ಅಕ್ಕ: ಆ 1150ರೊಳಗೆ ಈ 30 ಗ್ರಾಂ ಎಣ್ಣೆ ಕೂತಿದೆಯಲ್ಲ. ಮೇಲೆ ಕಳೆದದ್ದನ್ನು ಕೆಳಗೂ ಕಳೆಯಬೇಕು. 1150ರಲ್ಲಿ 30 ಹೋದರೆ 1120. ಮಸಾಲೆಯ 20 ಗ್ರಾಂ ಕಳೆಯಬೇಡ, ಅದು ಪಲ್ಯವೇ, ಯಾರ ತಟ್ಟೆಗೂ ಹೋಗಲಿಲ್ಲ ಅಷ್ಟೇ. 1620ನ್ನು 1120ರಿಂದ ಭಾಗಿಸು.

ತಮ್ಮ: 1.446. ಗ್ರಾಂಗೆ ಹೆಚ್ಚುಕಡಿಮೆ 1.45 ಕ್ಯಾಲರಿ. ಬಡಿಸಿದ್ದು 1100 ಗ್ರಾಂ. ಐದರಲ್ಲಿ ಒಂದು ಪಾಲು 220 ಗ್ರಾಂ, ಅದಕ್ಕೆ 318. ಅಂದರೆ ಇವಳು ಹೇಳಿದ 378ಕ್ಕೂ ನಾನು ಹೇಳಿದ 288ಕ್ಕೂ ಮಧ್ಯೆ.

ಅಕ್ಕ: ನಿನಗೇ ಹತ್ತಿರ, ಆದರೆ ನೀನು ಪಾಲಿಗೆ 30 ಕಡಿಮೆ ಹಿಡಿದಿದ್ದೆ. ಅದಿರಲಿ, ಐದೂ ಜನ 220 ಗ್ರಾಂ ತಿಂದರೇ? ತಟ್ಟೆ ತೂಗಿದ್ದೀಯಾ?

ತಮ್ಮ: ತೂಗಿದ್ದೇನೆ. ಅಪ್ಪನಿಗೆ 150, ನನಗೆ 300, ಇವಳಿಗೆ 220, ದೊಡ್ಡವನಿಗೆ 230, ಚಿಕ್ಕವಳಿಗೆ 200. ಕೂಡಿದರೆ 1100.

ಅಕ್ಕ: ಹಾಗಾದರೆ ಅಪ್ಪನಿಗೆ 217, ನಿನಗೆ 434. ಇಬ್ಬರಿಗೂ 318 ಅಂತ ಬರೆದಿದ್ದರೆ ಅಪ್ಪನ ಚೀಟಿಯಲ್ಲಿ 101 ಜಾಸ್ತಿ, ನಿನ್ನದರಲ್ಲಿ 116 ಕಡಿಮೆ. ನೋಡು, ನೀವಿಬ್ಬರೂ ಜಗಳ ಆಡಿದ್ದು ಎಣ್ಣೆಗೆ, ಆದರೆ ಎಣ್ಣೆಗಿಂತ ದೊಡ್ಡ ತಪ್ಪು ತಲೆಗೊಂದು ಪಾಲು ಅಂತ ಸಮನಾಗಿ ಹಂಚೋದರಲ್ಲೇ ಇತ್ತು. ಎಣ್ಣೆಯ ಲೆಕ್ಕ ಎಷ್ಟೇ ನಿಖರವಾಗಿದ್ದರೂ ಬಡಿಸಿದ ಪಾಲನ್ನು ತೂಗದಿದ್ದರೆ ಅದು ಏನೂ ಕೆಲಸಕ್ಕೆ ಬಾರದು.

ತಮ್ಮ: ಲೆಕ್ಕ ಸರಿಯಾಗಿದೆಯೋ ಇಲ್ಲವೋ ಅಂತ ನೋಡಿಕೊಳ್ಳೋಕೆ ದಾರಿ ಇದೆಯಾ? ನೀನು ದಿನಾ ಪಕ್ಕದಲ್ಲಿ ಇರಲ್ಲವಲ್ಲ.

ಅಕ್ಕ: ಇದೆ. ಐದೂ ತಟ್ಟೆಯ ತೂಕ, ಬಾಣಲೆಯಲ್ಲಿ ಉಳಿದದ್ದು, ಎರಡೂ ಕೂಡಿಸು. ಬೆಂದ ಪಲ್ಯದ ತೂಕಕ್ಕೆ ಸರಿಬರಬೇಕು. 1100 ಮತ್ತು 50, 1150. ಬಂತಲ್ಲ? ಬಾರದೆ 20, 30 ಗ್ರಾಂ ಕಡಿಮೆ ಬಂದರೆ ಹೆಚ್ಚಿನ ಸಲ ಕಾರಣ ಒಂದೇ. ಒಲೆಯಿಂದ ಇಳಿಸಿದ ಕೂಡಲೇ ಕೊತಕೊತ ಅನ್ನುವಾಗ ಬಾಣಲೆ ತೂಗಿರ್ತೀಯ, ಬಡಿಸೋ ಹೊತ್ತಿಗೆ ಇನ್ನಷ್ಟು ಆವಿ ಹೋಗಿರುತ್ತೆ. ಆದ್ದರಿಂದ ಹತ್ತು ನಿಮಿಷ ಮುಚ್ಚಿಟ್ಟು, ಬಡಿಸುವ ಮುಂಚೆ ತೂಗು. ಬಿಸಿ ಬಾಣಲೆಯನ್ನು ನೇರ ತಕ್ಕಡಿ ಮೇಲಿಡಬೇಡ, ಶಾಖಕ್ಕೆ ಅಂಕೆ ಅಲ್ಲಾಡುತ್ತೆ. ಚಪಾತಿ ಮಣೆ ಇಟ್ಟು ಸೊನ್ನೆ ಮಾಡಿ ಅದರ ಮೇಲಿಡು.

ತಮ್ಮ: ಮಣೆ ಇಟ್ಟೇ ತೂಗಿದ್ದೆ. ಕ್ಯಾಲರಿಯೂ ಹಾಗೇ ಸರಿಬರಬೇಕಾ?

ಅಕ್ಕ: ಬರಬೇಕು. ಬಡಿಸಿದ 1100 ಗ್ರಾಂಗೆ 1591, ಆ ತಟ್ಟೆಯಲ್ಲಿರೋ 20 ಗ್ರಾಂ ಮಸಾಲೆಗೆ 29, ಎಣ್ಣೆಗೆ 270. ಕೂಡಿಸು, 1890. ಹಾಕಿದ್ದೆಷ್ಟೋ ಅಷ್ಟು. ಎಲ್ಲೋ ಎರಡು ಸಲ ಕಳೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೆ. ನಿನ್ನ ಮೊದಲ ಲೆಕ್ಕವನ್ನೇ ತಗೋ. ಬಡಿಸಿದ್ದಕ್ಕೆ 1440, ಉಳಿದದ್ದಕ್ಕೆ 450, ಕೂಡಿದರೆ 1890 ಬಂದುಬಿಡುತ್ತೆ. ಅದು ತಪ್ಪು ಅಂತ ಕೂಡಿಸೋದು ತೋರಿಸಲ್ಲ, ಯಾಕಂದರೆ ತಪ್ಪಿದ್ದು ಕಳೆಯೋದರಲ್ಲಿ ಅಲ್ಲ, ಮಸಾಲೆಗೆ ಎಣ್ಣೆ ಅಂತ ಹೆಸರಿಟ್ಟಿದ್ದರಲ್ಲಿ. ಅದನ್ನು ಕಣ್ಣೇ ಕಂಡುಹಿಡಿಯಬೇಕು. ಅದಕ್ಕೇ ಬಾಣಲೆ ಬೆಳಕಿಗೆ ಹಿಡಿ ಅಂದದ್ದು.

ತಮ್ಮ: ಎರಡನೇ ಸಲ ಹಾಕಿದ ಎಣ್ಣೆಯ ಮಾತು ಬಾಕಿ ಇದೆ.

ಅಕ್ಕ: ಹಾಂ. ಬದನೆಕಾಯಿ ಒಳಗೆ ಸ್ಪಂಜಿನ ಹಾಗೆ, ತುಂಬಾ ಗಾಳಿಯ ಪೊಟರೆಗಳು. ಹಸಿ ಬದನೆಯನ್ನು ಎಣ್ಣೆಗೆ ಹಾಕಿದ ಕೂಡಲೇ ಆ ಪೊಟರೆಗಳು ಎಣ್ಣೆ ಎಳೆದುಕೊಳ್ಳುತ್ತವೆ. ಬಾಣಲೆ ಒಣಗಿದ ಹಾಗೆ ಕಾಣುತ್ತೆ, ಯಾರಿಗಾದರೂ ಇನ್ನೊಂದಿಷ್ಟು ಹಾಕೋಣ ಅನ್ನಿಸುತ್ತೆ. ಆದರೆ ಅದು ಬೆಂದು ಮೆತ್ತಗಾದಾಗ ಪೊಟರೆಗಳು ಕುಸಿದು, ಕುಡಿದ ಎಣ್ಣೆಯಲ್ಲಿ ಒಂದು ಭಾಗವನ್ನು ವಾಪಸ್ ಬಿಡುತ್ತವೆ. ಎಣ್ಣೆಗಾಯಿ ಆಗಿದೆ ಅಂತ ನಾವು ಗುರುತು ಹಿಡಿಯೋದೇ ಪಕ್ಕದಲ್ಲಿ ಎಣ್ಣೆ ಬಿಟ್ಟುಕೊಂಡಾಗ ಅಲ್ವಾ? ಇವಳು ಮೇಲಿಂದ ಹಾಕಿದ್ದು 30 ಗ್ರಾಂ, ಕೊನೆಗೆ ಬಾಣಲೆಯಲ್ಲಿ ನಿಂತದ್ದು 30 ಗ್ರಾಂ. ಎರಡೂ ಅಂಕೆ ಒಂದೇ ಆಗಿದ್ದು ಇವತ್ತಿನ ಮಟ್ಟಿಗೆ ಕಾಕತಾಳೀಯ ಇರಬಹುದು, ಆದರೂ ಮುಂದಿನ ಸಲ ಎರಡನೇ ಸಲದ ಎಣ್ಣೆ ಬಿಟ್ಟು, ಉರಿ ಸಣ್ಣ ಮಾಡಿ, ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ನೋಡಲಿ. ತಳ ಹಿಡಿಯಲ್ಲ.

ತಮ್ಮ: ಅವಳಿಗೆ ನೀನೇ ಹೇಳು, ನಾನು ಹೇಳಿದರೆ ರುಚಿ ಹೋಗುತ್ತೆ ಅಂತಾಳೆ. ಅಕ್ಕ, ಇನ್ನೊಂದು. ಈ ಎಣ್ಣೆ ತಳದಲ್ಲಿ ನಿಂತದ್ದಕ್ಕೆ ನಾವು ಹಿಡಿದೆವು. ಆದರೆ ಬಡಿಸುವಾಗ ಮೇಲೆ ತೇಲ್ತಾ ಇತ್ತು. ಮೊದಲು ಬಡಿಸಿಕೊಂಡೋನು ನಾನು. ಸೌಟಿನ ತುಂಬಾ ಕೆಂಪು ಎಣ್ಣೆ ಬಂತು.

ಅಕ್ಕ: ಅದೇ ಈ ಪಲ್ಯದ ಕಷ್ಟ. ತೂಕ ಎಷ್ಟೇ ಸರಿಯಿದ್ದರೂ ನಿನ್ನ ಗ್ರಾಂ ಬೇರೆ, ಅಪ್ಪನ ಗ್ರಾಂ ಬೇರೆ. ನಿನ್ನ 300 ಗ್ರಾಂನಲ್ಲಿ ಎಲ್ಲರಿಗಿಂತ 10 ಗ್ರಾಂ ಎಣ್ಣೆ ಜಾಸ್ತಿ ಬಂದಿದ್ದರೆ 434 ಅಲ್ಲ, 500ಕ್ಕೂ ಮೇಲೆ. ಒಟ್ಟು ಮೊತ್ತ ಆಗಲೂ ಸರಿಯೇ, ಆದರೆ ಯಾರ ತಟ್ಟೆಗೆ ಹೋಯ್ತು ಅನ್ನೋದು ತಪ್ಪುತ್ತೆ. ಈಗ ನಿನ್ನ ತಟ್ಟೆ ನೋಡು. ಅಂಚಿನ ಸುತ್ತ ಇಷ್ಟು ಅಗಲ ಎಣ್ಣೆಯ ಉಂಗುರ ನಿಂತಿದೆ. ಅಪ್ಪನ ತಟ್ಟೆ ಒಣಗಿದೆ.

ತಮ್ಮ: ಹಾಗಾದರೆ ಕಲಸಿ ಬಡಿಸಬೇಕಿತ್ತಾ?

ಅಕ್ಕ: ತೊವ್ವೆ, ಸಾಂಬಾರಿಗೆ ಕಲಸೋದು ಸಾಕು, ಪ್ರತಿ ಸೌಟಿಗೂ ತಳದಿಂದ ಕಲಕಬೇಕು ಅಷ್ಟೇ. ಎಣ್ಣೆಗಾಯಿಯಲ್ಲಿ ಹಾಗೆ ಕಲಕಿದರೆ ಕಾಯಿ ಒಡೆದುಹೋಗುತ್ತೆ. ಅದಕ್ಕೆ ನಾನು ಹೇಳೋದು ಬೇರೆ. ಬಡಿಸುವ ಮುಂಚೆಯೇ ಬಾಣಲೆ ಓರೆ ಮಾಡಿ, ತೇಲೋ ಎಣ್ಣೆಯನ್ನು ಚಮಚದಿಂದ ಬಟ್ಟಲಿಗೆ ತೆಗೆದುಬಿಡು. ಆ ಬಟ್ಟಲನ್ನು ತೂಗು. ಆಮೇಲೆ ಕಾಯಿಯನ್ನು ಎಣಿಸಿ ಬಡಿಸು, ಮಸಾಲೆಯನ್ನು ತೂಗಿ ಬಡಿಸು. ರೊಟ್ಟಿ ಮೇಲೆ ಎಣ್ಣೆ ಬೇಕು ಅನ್ನೋರು ಬಟ್ಟಲಿನಿಂದ ಹಾಕಿಕೊಳ್ಳಲಿ. ಎಷ್ಟು ಹಾಕಿಕೊಂಡರೋ ಅವರವರ ಹೆಸರಿಗೆ. ಕೊನೆಗೆ ಮಾಡೋ ಲೆಕ್ಕವನ್ನು ಮೊದಲೇ ಮಾಡಿದ ಹಾಗಾಯ್ತು, ಬಡಿಸಿದ್ದೂ ಎಲ್ಲರಿಗೂ ಒಂದೇ ತರ ಆಯ್ತು.

ತಮ್ಮ: ಬಜ್ಜಿ, ಪೂರಿಗೂ ಇದೇ ನಿಯಮವಾ? ಎಣ್ಣೆಯನ್ನು ಮೊದಲು, ಆಮೇಲೆ ತೂಗಿದರೆ ಆಯ್ತಲ್ಲ.

ಅಕ್ಕ: ಅಲ್ಲಿ ಸುಲಭ. ಉಳಿಯೋದು ಹೆಚ್ಚುಕಡಿಮೆ ಬರೀ ಎಣ್ಣೆ, ಅದೂ ಬಹಳ. ಬಾಣಲೆ ಸಮೇತ ಮೊದಲು ತೂಗು, ಕರಿದಾದ ಮೇಲೆ ಪೂರ್ತಿ ಆರಿಸಿ ಮತ್ತೆ ತೂಗು. ಕಡಿಮೆಯಾದದ್ದು ಬಾಣಲೆ ಬಿಟ್ಟು ಹೋದ ಎಣ್ಣೆ. ಆದರೆ ಅದೆಲ್ಲಾ ಬಜ್ಜಿಯೊಳಗೇ ಹೋಯ್ತು ಅಂತಲ್ಲ. ಬಜ್ಜಿ ಹಾಕಿದ ತಟ್ಟೆಯ ಕಾಗದ, ಜಾಲರಿ ಸೌಟು, ಒಲೆಯ ಸುತ್ತ ಸಿಡಿದದ್ದು, ಅವೂ ಇವೆ. ಕಾಗದವನ್ನು ಬಜ್ಜಿ ಹಾಕುವ ಮುಂಚೆ ತಟ್ಟೆ ಸಮೇತ ತೂಗಿ, ಬಜ್ಜಿ ತೆಗೆದ ಮೇಲೆ ಮತ್ತೆ ತೂಗಿದರೆ ದೊಡ್ಡ ಪಾಲು ಸಿಗುತ್ತೆ. ಎಣ್ಣೆಯಲ್ಲಿ ಬಿದ್ದ ಹಿಟ್ಟಿನ ಚೂರು ಸೋಸಿ ತೆಗೆಯದೆ ತೂಗಿದರೆ ಉಳಿದ ಎಣ್ಣೆ ಹೆಚ್ಚಿದ್ದ ಹಾಗೆ ಕಾಣುತ್ತೆ, ಬಜ್ಜಿ ಕಡಿಮೆ ಎಣ್ಣೆ ಹೀರಿದ ಹಾಗೆ ಕಾಣುತ್ತೆ. ಅದೊಂದು ನೋಡಿಕೋ.

ತಮ್ಮ: ಇಷ್ಟೆಲ್ಲಾ ದಿನಾ ಮಾಡಬೇಕಾ? ಒಗ್ಗರಣೆಗೆ ಎರಡು ಚಮಚ ಎಣ್ಣೆ ಹಾಕಿದ ಬೀನ್ಸ್ ಪಲ್ಯಕ್ಕೂ?

ಅಕ್ಕ: ಬೇಡ. ಬೀನ್ಸ್ ಪಲ್ಯ ತೆಗೆದ ಮೇಲೆ ಬಾಣಲೆಯಲ್ಲಿ ನಿಲ್ಲೋದು ಈ ಹೊಳಪಿನಷ್ಟೇ, 4, 5 ಗ್ರಾಂ. ಐದು ಜನಕ್ಕೆ ಹಂಚಿದರೆ ತಲೆಗೆ 1 ಗ್ರಾಂ, 9 ಕ್ಯಾಲರಿ. ನಿನ್ನ ತಕ್ಕಡಿಯೇ 1200 ಗ್ರಾಂ ಬಾಣಲೆಯನ್ನು ಎರಡು ಸಲ ಇಟ್ಟರೆ 1, 2 ಗ್ರಾಂ ಹಿಂದೆಮುಂದೆ ತೋರಿಸುತ್ತೆ. ಶೇಂಗಾಕ್ಕೆ ಒಂದು ಪಟ್ಟಿ 520 ಅಂದರೆ ಇನ್ನೊಂದು 567 ಅನ್ನುತ್ತೆ. ಆ ಎಣ್ಣೆಗೆ 9 ಅನ್ನೋ ಅಂಕೆಯೂ ಸರಾಸರಿಯೇ. ಅಮೆರಿಕದಲ್ಲಿ ಆಟ್ವಾಟರ್ ಅನ್ನೋ ರಸಾಯನಶಾಸ್ತ್ರಜ್ಞ 19ನೇ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸದಿಂದ ಬಂದದ್ದು ಅದು. ಇಂಥ ಅಂಕೆಗಳ ಮಧ್ಯೆ 9 ಕ್ಯಾಲರಿಗೆ ಬಾಣಲೆ ಒರೆಸುತ್ತಾ ಕೂರಬೇಕಿಲ್ಲ. ನಾನು ಇಟ್ಟುಕೊಂಡ ಗೆರೆ ಒಂದಿದೆ. ಬಾಣಲೆ ಓರೆ ಮಾಡಿದಾಗ ಎಣ್ಣೆ ಹರಿದು ಬಂದು ಮೂಲೆಯಲ್ಲಿ ನಿಂತರೆ ತೂಗು. ಬರೀ ಹೊಳಪಿದ್ದರೆ ಬಿಡು, ತಟ್ಟೆಯ ತೂಕ ಒಂದೇ ಸಾಕು.

ತಮ್ಮ: ಈ ಲೋಟದ 25 ಗ್ರಾಂ ಎಣ್ಣೆ ಏನು ಮಾಡೋದು? ಇವಳು ಚೆಲ್ಲೋಕೆ ಬಿಡಲ್ಲ, ನಾಳೆ ಒಗ್ಗರಣೆಗೆ ಆಗುತ್ತೆ ಅಂತಾಳೆ.

ಅಕ್ಕ: ಆಗಲಿ, ಒಳ್ಳೇ ಘಮ ಇದೆ. ಆದರೆ ನಾಳೆಯ ಚೀಟಿಯಲ್ಲಿ ಮೊದಲ ಸಾಲು ಇದೇ ಆಗಬೇಕು, ಎಣ್ಣೆ 25 ಗ್ರಾಂ ಅಂತ. ಡಬ್ಬದಿಂದ ಸುರಿಯಲಿಲ್ಲ ಅಂತ ಬರೆಯದೇ ಬಿಟ್ಟರೆ ಇವತ್ತು ಕಳೆದ 225 ಕ್ಯಾಲರಿ ನಾಳೆ ಸದ್ದಿಲ್ಲದೆ ಹೊಟ್ಟೆಗೆ ಹೋಗಿರುತ್ತೆ, ಯಾವ ಚೀಟಿಯಲ್ಲೂ ಇರಲ್ಲ. ಉಳಿದ ಎಣ್ಣೆಯನ್ನು ಕಳೆಯೋಕೆ ಹಕ್ಕಿರೋದು ಅದು ನಿಜವಾಗಿ ಯಾರೂ ತಿನ್ನದಿದ್ದಾಗ.

ತಮ್ಮ: ಅಯ್ಯೋ, ಹಾಗಾದರೆ ಹೋದ ವಾರದ್ದು ತಪ್ಪಾಯ್ತು. ಹೋದ ವಾರವೂ ಎಣ್ಣೆಗಾಯಿಯೇ. ಬಾಣಲೆಯಲ್ಲಿ ಉಳಿದದ್ದನ್ನು ತೂಗಿ, ಬರೆದು, ಕಳೆದಿದ್ದೆ. ಆಮೇಲೆ ದೊಡ್ಡವನು ಬಂದು ಅದೇ ಬಾಣಲೆಗೆ ಎರಡು ಸೌಟು ಬಿಸಿ ಅನ್ನ ಹಾಕಿ, ಸುತ್ತ ಒರೆಸಿ ಒರೆಸಿ ಕಲಸಿದ. ನನಗೂ ಎರಡು ತುತ್ತು ಕೊಟ್ಟ.

ಅಕ್ಕ: ನಾವೂ ಹಾಗೇ ತಿಂದವರಲ್ಲವಾ? ಅಮ್ಮ ಬಾಣಲೆಯಲ್ಲಿ ಅನ್ನ ಕಲಸಿ ಸಾಲಾಗಿ ಕೂರಿಸಿ ಕೈತುತ್ತು ಹಾಕೋಳು. ಪಲ್ಯಕ್ಕಿಂತ ಅದೇ ರುಚಿ. ಆ ಬಿಸಿ ಅನ್ನ ಬಾಣಲೆಯ ಎಣ್ಣೆಯನ್ನೆಲ್ಲಾ ಒರೆಸಿಕೊಂಡುಬಿಡುತ್ತೆ, ನಿನ್ನ ಕಾಗದಕ್ಕಿಂತ ಚೆನ್ನಾಗಿ. ಬೇಡ ಅನ್ನಬೇಡ ಅವನಿಗೆ, ಬೆಳೆಯೋ ಹುಡುಗ. ಅವನು ಕಲಸಿದ ದಿನ ಉಳಿದ ಎಣ್ಣೆಯನ್ನು ಮೊತ್ತದಿಂದ ಕಳೆಯಬೇಡ, ಅವನ ಹೆಸರಿಗೆ ಬರಿ. ಅನ್ನ ಹಾಕುವ ಮುಂಚೆ ಬಾಣಲೆ ತೂಗಿರು, ಅವನು ತಿಂದ ಮೇಲೆ ಖಾಲಿ ತೂಕಕ್ಕೆ ಬಂದಿದ್ದರೆ ಪೂರಾ ಅವನ ಹೊಟ್ಟೆಯಲ್ಲಿದೆ ಅಂತ ಅರ್ಥ.

ತಮ್ಮ: ನನ್ನ ಎರಡು ತುತ್ತು?

ಅಕ್ಕ: ಅಷ್ಟನ್ನು ನಿನ್ನ ಹೆಸರಿಗೆ ಒಂದು ಚಮಚ ಎಣ್ಣೆ ಅಂತ ಹಾಕಿಕೋ. ಇವತ್ತು ಒರೆಸಿಬಿಟ್ಟಿದ್ದೀಯ, ಅವನು ಬಂದು ಕೇಳಿದರೆ ಈ ಕೆರೆದಿಟ್ಟ ಮಸಾಲೆ ಕೊಡು.

ತಮ್ಮ: ಅದಕ್ಕೆ 29 ಕ್ಯಾಲರಿ.

ಅಕ್ಕ: ಕೈ ತೊಳೆದುಕೋ. ಆ ಕ್ಯಾಲೆಂಡರ್ ಹಿಂದೆ ಒಂದು ಹಾಳೆ ಅಂಟಿಸು. ದೊಡ್ಡ ಬಾಣಲೆ 1240 ಅಂತ ಬರಿ. ಸಣ್ಣ ಬಾಣಲೆ, ಕುಕ್ಕರ್, ತೊವ್ವೆ ಪಾತ್ರೆ, ಬಡಿಸೋ ತಟ್ಟೆಗಳು, ಎಲ್ಲದರ ಖಾಲಿ ತೂಕ ಇವತ್ತೇ ತೂಗಿ ಕೆಳಗೆ ಬರೆಯೋಣ. ಪಲ್ಯ ಒಲೆ ಮೇಲೆ ಕುದಿಯುವಾಗ ಬಾಣಲೆ ಎಷ್ಟಿತ್ತು ಅಂತ ನೆನಪಾದರೆ ಏನೂ ಮಾಡೋಕಾಗಲ್ಲ. ಮೊದಲು ಆ ಕುಕ್ಕರ್ ಕೊಡು, ಮುಚ್ಚಳ ಬೇಡ.